ಪ್ಲೇಸ್‌ಮೆಂಟ್ ಡ್ರೈವ್ ಕ್ಯಾಪ್ಶನ್: ಅರ್ಹತೆ ಇಲ್ಲದವರೇ ಜಾಸ್ತಿ ರಿಜಿಸ್ಟರ್ ಆಗಿದ್ದಾರೆ, ಎಲ್ಲಿ ತಪ್ಪಿದೆ?

ಸಿಎಸ್_ಕೋಆರ್ಡಿನೇಟರ್ (ಅಕ್ಟೋಬರ್ 2021)
ನಮ್ಮದು ವಿಟಿಯು ಕಾಲೇಜು, 2018 ಸ್ಕೀಮ್. ಒಂದು ಕಂಪನಿಯ ಡ್ರೈವ್ ಬಗ್ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಹೀಗೆ ಹಾಕಿದ್ದೆ:

"2022 ಬ್ಯಾಚ್‌ಗೆ ಸುವರ್ಣಾವಕಾಶ! 60% ಅಥವಾ 6.0 ಸಿಜಿಪಿಎ ಇರಬೇಕು. ಬ್ಯಾಕ್‌ಲಾಗ್ ಇರಬಾರದು. ಅ. 23ರೊಳಗೆ ಕೆಳಗಿನ ಲಿಂಕ್‌ನಲ್ಲಿ ರಿಜಿಸ್ಟರ್ ಆಗಿ."

ಎಚ್‌ಆರ್ ಪಟ್ಟಿ ನೋಡಿ 31 ಜನರನ್ನು ಕೈಬಿಟ್ಟರು. ಅವರೆಲ್ಲ ನನ್ನ ಮೇಲೆ ಸಿಟ್ಟಾಗಿದ್ದಾರೆ.

ಬೆಣ್ಣೆದೋಸೆ
ಸಿಜಿಪಿಎಗೆ ಹತ್ತರಿಂದ ಗುಣಿಸಿದರೆ ಪರ್ಸೆಂಟೇಜ್ ಬರುತ್ತೆ, 6.0 ಅಂದ್ರೆ 60 ಸರಿಯಾಗೇ ಇದೆ. ಎಚ್‌ಆರ್‌ದೇ ತಪ್ಪು. ಲಿಂಕ್ ಮಾತ್ರ ನೋಡು ಗುರು, ಕ್ಯಾಪ್ಶನ್‌ನಲ್ಲಿ ಅದನ್ನು ಒತ್ತಿದರೆ ತೆರೆಯಲ್ಲ.

ಹಳೇ_ಟಿಪಿಒ
ಲಿಂಕ್ ವಿಷಯ ನಿಜ. ಗುಣಿಸೋದು ತಪ್ಪು. 2018 ಸ್ಕೀಮ್‌ನಲ್ಲಿ ಸಿಜಿಪಿಎಯಿಂದ ಮೊದಲು 0.75 ಕಳೆಯಬೇಕು, ಆಮೇಲೆ ಹತ್ತರಿಂದ ಗುಣಿಸಬೇಕು. 6.2 ಇರುವ ಹುಡುಗನಿಗೆ ಬರುವುದು 54.5%. 60% ಬೇಕಾದರೆ 6.75 ಇರಬೇಕು. ನೀವು "ಅಥವಾ 6.0" ಅಂತ ಸೇರಿಸಿದ್ದರಿಂದಲೇ 6.0ಯಿಂದ 6.75ರ ನಡುವಿನವರೆಲ್ಲ ಬಂದುಬಿಟ್ಟರು. ಕಂಪನಿಯ ಮೇಲ್‌ನಲ್ಲಿ ಸಿಜಿಪಿಎ ಇತ್ತಾ?

ಸಿಎಸ್_ಕೋಆರ್ಡಿನೇಟರ್
ಇಲ್ಲ ಸರ್, 60% ಅಂತ ಮಾತ್ರ ಇತ್ತು. ಎಲ್ಲರಿಗೂ ಸುಲಭ ಆಗ್ಲಿ ಅಂತ ನಾನೇ ಸೇರಿಸಿದೆ.

ಹಳೇ_ಟಿಪಿಒ
ಅಲ್ಲೇ ಎಡವಿದ್ದು. ಮೇಲ್‌ನಲ್ಲಿ ಬ್ಯಾಕ್‌ಲಾಗ್ ಬಗ್ಗೆ ಏನಿದೆ ಅಂತಲೂ ನೋಡಿ. ಈಗ ಬಾಕಿ ಇರಬಾರದು ಅನ್ನೋದು ಬೇರೆ, ಯಾವತ್ತೂ ಫೇಲ್ ಆಗಿರಬಾರದು ಅನ್ನೋದು ಬೇರೆ. ನಿಮ್ಮ ಸಾಲು ಓದಿ, ಮೂರನೇ ಸೆಮ್‌ನ ಗಣಿತ ಆಮೇಲೆ ಪಾಸ್ ಮಾಡಿಕೊಂಡವರು ಸುಮ್ನೆ ಹಿಂದೆ ಸರಿದಿರುತ್ತಾರೆ. ಅಂಥವರು ದೂರು ಕೊಡಲ್ಲ, ಹಾಗಾಗಿ ನಿಮಗೆ ಗೊತ್ತೂ ಆಗಲ್ಲ.

ಡಿಪ್ಲೊಮಾ_ಹುಡುಗಿ
ನನ್ನದು ಬೇರೆ ಕಥೆ. ನಮ್ಮ ಕಾಲೇಜಿನ ಫಾರ್ಮ್‌ನಲ್ಲಿ ಪಿಯುಸಿ ಮಾರ್ಕ್ಸ್ ತುಂಬದೆ ಮುಂದೆ ಹೋಗಲ್ಲ. ನಾನು ಡಿಪ್ಲೊಮಾ ಮಾಡಿ ನೇರ ಎರಡನೇ ವರ್ಷಕ್ಕೆ ಸೇರಿದವಳು. ಸೊನ್ನೆ ಹಾಕಿದೆ, ರಿಜೆಕ್ಟ್ ಆಯ್ತು.

ಸಿಎಸ್_ಕೋಆರ್ಡಿನೇಟರ್
ಅಯ್ಯೋ, ನಮ್ಮ ಫಾರ್ಮ್‌ನಲ್ಲೂ ಹಾಗೇ ಇದೆ! "ಪಿಯುಸಿ ಅಥವಾ ಡಿಪ್ಲೊಮಾ" ಅಂತ ಬದಲಾಯಿಸಿದೆ. ಮೇಲ್‌ನಲ್ಲಿ ಇರುವುದು "ಈಗ ಬಾಕಿ ಇರಬಾರದು" ಅಂತಲೇ. ಹೊಸ ಕ್ಯಾಪ್ಶನ್:

"2022ರಲ್ಲಿ ಪಾಸಾಗುವ ಸಿಎಸ್, ಐಎಸ್, ಇಸಿ ವಿದ್ಯಾರ್ಥಿಗಳಿಗೆ ಕ್ಯಾಂಪಸ್ ಡ್ರೈವ್. ಬಿಇಯಲ್ಲಿ 60% (2018 ಸ್ಕೀಮ್‌ಗೆ 6.75 ಸಿಜಿಪಿಎ). ಈಗ ಬಾಕಿ ವಿಷಯ ಇರಬಾರದು, ಹಿಂದೆ ಇದ್ದು ಪಾಸಾಗಿದ್ದರೆ ತೊಂದರೆ ಇಲ್ಲ. ರಿಜಿಸ್ಟ್ರೇಷನ್ ಅ. 19, ಮಂಗಳವಾರ ಸಂಜೆ 6ರವರೆಗೆ. ಡ್ರೈವ್ ಅ. 23, ಶನಿವಾರ. ನಮ್ಮ ಬಯೋದಲ್ಲಿರುವ ಲಿಂಕ್ ತೆರೆದು ಫಾರ್ಮ್ ತುಂಬಿ, ರೆಸ್ಯೂಮೆ ಹಾಕಿ."

ಹಳೇ_ಟಿಪಿಒ
ಈಗ ಸರಿ ಇದೆ. 23ರೊಳಗೆ ಅಂತ ಬರೆದು ಡ್ರೈವ್ ದಿನವನ್ನೇ ಕೊನೆ ದಿನ ಮಾಡಿದ್ರಲ್ಲ, ಅದೂ ಹೋಯ್ತು. ಡ್ರೈವ್ ಮುಗಿಯುವವರೆಗೆ ಬಯೋ ಲಿಂಕ್‌ಗೆ ಫೆಸ್ಟ್‌ನವರು ಕೈ ಹಾಕದ ಹಾಗೆ ನೋಡಿಕೊಳ್ಳಿ.

ಬೆಣ್ಣೆದೋಸೆ
ನಮ್ಮದು ಆಟೋನಮಸ್, ನಮಗೂ 0.75 ಕಳೀಬೇಕಾ?

ಹಳೇ_ಟಿಪಿಒ
ಅದು ನಿಮ್ಮ ಕಾಲೇಜಿನ ನಿಯಮ. ಪರೀಕ್ಷಾ ವಿಭಾಗದಲ್ಲಿ ಕೇಳಿ.

ಸಿಎಸ್_ಕೋಆರ್ಡಿನೇಟರ್
6.7 ಇರುವ ಇಬ್ಬರು ಇದ್ದಾರೆ, 59.5%. ಅವರನ್ನೂ ಸೇರಿಸಿಕೊಳ್ಳಬಹುದಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.