ಅಮ್ಮನ ಮಾತನ್ನು ವೈದ್ಯರಿಗೆ ನಾನೇ ತಿಳಿಸಿದರೆ ತಪ್ಪೇನು?

ಪ್ರಶ್ನೆ (ಕಾರವಾರ): ಅಮ್ಮನಿಗೆ ಕೊಂಕಣಿ ಬಿಟ್ಟು ಬೇರೆ ಭಾಷೆ ಬಾರದು, ವೈದ್ಯರಿಗೆ ಕೊಂಕಣಿ ಬಾರದು. ಮಗನಾದ ನಾನೇ ನಡುವೆ ಕುಳಿತು ಹೇಳಿದರೆ ಏನು ತೊಂದರೆ?

ಉತ್ತರ (ವೈದ್ಯಕೀಯ ದುಭಾಷಿ, ಮೂಲ ಹೊನ್ನಾವರ): ಕೆಲಸದಲ್ಲಿ ಕೇಳಿದ್ದನ್ನು ನಾವು ಹೊರಗೆ ಹೇಳುವಂತಿಲ್ಲ. ಆದ್ದರಿಂದ ತರಬೇತಿಗೆ ಮೊದಲು ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುತ್ತಿದ್ದ ನನ್ನ ಮಾವಶಿಯನ್ನು ತಪಾಸಣೆಗೆ ಕರೆದೊಯ್ದಿದ್ದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂದು ತಿಳಿಯಲು, ಮಲ ಕಪ್ಪಗಾಗುತ್ತಿದೆಯೇ ಎಂದು ವೈದ್ಯರು ಕೇಳಿದರು. ಪಕ್ಕದಲ್ಲಿ ಅವರ ಯಜಮಾನರು ಕುಳಿತಿದ್ದರಿಂದ ಹಾಗೆಯೇ ಕೇಳಲು ಸಂಕೋಚವಾಗಿ, ಹೊಟ್ಟೆ ಸರಿಯಿದೆಯಲ್ಲ ಎಂದಷ್ಟೇ ಕೇಳಿದೆ. ಅವರು ತಲೆಯಾಡಿಸಿದರು, ನಾನು ‘ಏನೂ ತೊಂದರೆಯಿಲ್ಲ’ ಎಂದುಬಿಟ್ಟೆ. ಬೇರೆ ಮಾತ್ರೆಗಳಿವೆಯೇ ಎಂಬ ಪ್ರಶ್ನೆಯನ್ನಂತೂ ಅವರಿಗೆ ಮುಟ್ಟಿಸಲೇ ಇಲ್ಲ, ಮನೆಗೆ ಔಷಧಿ ತರುವವಳು ನಾನೇ ಎಂಬ ಧೈರ್ಯದಿಂದ ‘ಇಲ್ಲ’ ಎಂದೆ. ಮೊಣಕಾಲು ನೋವಿಗೆಂದು ಅವರು ನೆರೆಮನೆಯವರಿಂದ ಮಾತ್ರೆ ತರಿಸಿ ನುಂಗುತ್ತಿದ್ದರು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಅಂಕಿ 2.8 ಇತ್ತು, ಅಂದರೆ ಮಿತಿಯೊಳಗೇ. ನೋವಿನ ಮಾತ್ರೆ ಆ ಅಂಕಿಯನ್ನು ಏರಿಸದೆಯೂ ಜಠರದಲ್ಲಿ ರಕ್ತ ಸೋರಿಸಬಲ್ಲದು. ಒಂಬತ್ತನೇ ದಿನ ಅವರು ಬಚ್ಚಲಲ್ಲಿ ಕುಸಿದರು. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ರಕ್ತ ಕೊಡಿಸಿ ಉಳಿಸಿಕೊಂಡೆವು.

ತರಬೇತಿ ಪಡೆದವರು ಮೊದಲೇ ಇಬ್ಬರಿಗೂ ‘ಇಲ್ಲಿ ಆಡಿದ್ದೆಲ್ಲವನ್ನೂ ಹೇಳುತ್ತೇನೆ, ಸೇರಿಸುವುದಿಲ್ಲ, ಬಿಡುವುದಿಲ್ಲ’ ಎಂದು ತಿಳಿಸುತ್ತಾರೆ. ರೋಗಿ ‘ನನಗೆ ತಲೆ ತಿರುಗುತ್ತದೆ’ ಎಂದರೆ ದುಭಾಷಿಯೂ ‘ನನಗೆ’ ಎಂದೇ ಹೇಳುವುದರಿಂದ ವೈದ್ಯರು ರೋಗಿಯ ಮುಖ ನೋಡಿಯೇ ಮಾತನಾಡುತ್ತಾರೆ. ಉತ್ತರ ಬರೀ ‘ಹ್ಞೂಂ’ ಆಗಿದ್ದರೆ ಅದನ್ನೂ ಹಾಗೆಯೇ ದಾಟಿಸುತ್ತಾರೆ. ಆಗ ವೈದ್ಯರಿಗೆ ಮತ್ತೊಮ್ಮೆ ಕೇಳಬೇಕೆನಿಸುತ್ತದೆ. ನಾನು ಅಳಿಸಿಹಾಕಿದ್ದು ಆ ಅಸ್ಪಷ್ಟತೆಯನ್ನೇ.

ಅಂಕೋಲಾದ ಸದಸ್ಯರು (ಔಷಧಿ ಅಂಗಡಿ): ಕಬ್ಬಿಣಾಂಶದ ಮಾತ್ರೆ ನುಂಗಿದರೂ ಮಲ ಕಪ್ಪಾಗುತ್ತದೆ. ಅಷ್ಟಕ್ಕೇ ಗಾಬರಿ ಏಕೆ?

ದುಭಾಷಿ: ಆಗುತ್ತದೆ, ನಿಜ. ಆದರೆ ರಕ್ತದಿಂದಾದದ್ದು ಸಾಮಾನ್ಯವಾಗಿ ಡಾಂಬರಿನಂತೆ ಅಂಟಾಗಿ, ಕೆಟ್ಟ ವಾಸನೆಯಿಂದ ಕೂಡಿರುತ್ತದೆ. ‘ಅಂಟು’, ‘ವಾಸನೆ’ ಎಂಬ ಪದಗಳು ನಡುವೆ ಬಿದ್ದುಹೋದರೆ ಎರಡನ್ನೂ ಬೇರ್ಪಡಿಸುವುದು ಹೇಗೆ?

ಶಿರಸಿಯ ಸದಸ್ಯೆ: ಹಾಗಾದರೆ ಅಪ್ಪಯ್ಯನ ಜೊತೆ ಮಣಿಪಾಲಕ್ಕೆ ನಾನು ಹೋಗಲೇಬಾರದೇ? ಅವರಿಗೆ ಕಿವಿ ಬೇರೆ ಮಂದ.

ದುಭಾಷಿ: ಅವಶ್ಯ ಹೋಗಿ. ಕಡತ, ಮಾತ್ರೆಯ ಚೀಟಿ ಎಲ್ಲ ನಿಮ್ಮ ಕೈಯಲ್ಲೇ ಇರಲಿ. ಅವರು ಆಡುವ ಭಾಷೆ ವೈದ್ಯರಿಗೆ ತಿಳಿಯುವುದಾದರೆ ಉತ್ತರವನ್ನು ಮಾತ್ರ ಅವರೇ ಹೇಳಲಿ.

ಪ್ರಶ್ನೆ ಕೇಳಿದವರು: ನಮ್ಮಲ್ಲಿ ದುಭಾಷಿಯನ್ನು ಎಲ್ಲಿಂದ ತರಲಿ? ಕೊಂಕಣಿ ಬಲ್ಲ ನರ್ಸ್ ಒಬ್ಬರಿದ್ದಾರೆ, ಸಾಕೇ?

ದುಭಾಷಿ: ಮಗನ ಎದುರು ಹೇಳಲಾಗದ್ದನ್ನು ಅಮ್ಮ ಅವರಲ್ಲಿ ಹೇಳಿಯಾರು. ಆದರೆ ಅವಸರದಲ್ಲಿ ಅವರೂ ಮಾತನ್ನು ಮೊಟಕುಗೊಳಿಸಬಹುದು, ತಾವೇ ಸಲಹೆ ಕೊಡಬಹುದು. ಪೂರ್ತಿ ಸಾಕು ಎನ್ನಲಾರೆ. ಅನಿವಾರ್ಯವಾಗಿ ನೀವೇ ಕುಳಿತರೆ, ಮಾತ್ರೆ ನುಂಗುವ ಕ್ರಮವನ್ನು ಅಮ್ಮನೇ ತಿರುಗಿ ಹೇಳುವಂತೆ ಮಾಡಿಸಿ, ಅವರು ತಪ್ಪಾಗಿ ಹೇಳಿದರೆ ತಿದ್ದದೆ ಹಾಗೆಯೇ ವೈದ್ಯರಿಗೆ ತಿಳಿಸಿ.