ಸಹಾಯ ಬೇಕು: ಫ್ರೆಂಚ್‌ನ ‘ಬೋಕೂ ದ’ ಆದಮೇಲೆ ಆರ್ಟಿಕಲ್ ಯಾಕೆ ಬಿದ್ದುಹೋಗುತ್ತದೆ?

ಫ್ರೆಂಚ್ ಚೆನ್ನಾಗಿ ಬಲ್ಲವರು ಒಂದು ಗಂಟು ಬಿಡಿಸಿಕೊಡಿ. ಹಾಲು ಕುಡಿಯುತ್ತೇನೆ ಅನ್ನಲು ‘ಜ ಬ್ವಾ ದ್ಯು ಲೆ’. ಜಾಸ್ತಿ ಕುಡಿಯುತ್ತೇನೆ ಅಂದರೆ ‘ಜ ಬ್ವಾ ಬೋಕೂ ದ ಲೆ’. ‘ದ್ಯು’ ಹೋಗಿ ಬರೀ ‘ದ’ ಉಳಿಯಿತು. ಸಾಕಷ್ಟು ಹಾಲು ಅನ್ನುವ ‘ಅಸೇ ದ ಲೆ’ ಕೂಡ ಹಾಗೇ.

ನನಗೆ ಅರ್ಥವಾದದ್ದು ಇಷ್ಟು. ‘ದ್ಯು’ ಒಳಗೆ ‘ದ’, ‘ಲ’ ಎರಡೂ ಸೇರಿವೆ. ಇಂತಿಷ್ಟು ಅಂತ ಹೇಳದೆ ಸ್ವಲ್ಪ ಹಾಲು ಅನ್ನುವುದೇ ಅದರ ಕೆಲಸ. ‘ಬೋಕೂ’ ಬಂದು ಅಳತೆ ಹೇಳಿಬಿಟ್ಟರೆ ಆ ಕೆಲಸ ಮುಗಿಯಿತು. ‘ದ’ ಸುಮ್ನೆ ಕೊಂಡಿಯಾಗಿ ನಿಲ್ಲುತ್ತದೆ. ಬಹುವಚನದ ‘ದೇ’ಗೂ ಇದೇ ಗತಿ: ‘ಬೋಕೂ ದ ಲೀವ್ರ್’, ಅಂದರೆ ಬಹಳ ಪುಸ್ತಕಗಳು.

‘ಬೋಕೂ ದೇ ಲೀವ್ರ್ ಕ ತ್ಯು ಮಾ ಪ್ರೆತೇ’ ಕೂಡ ಸರಿ: ನೀನು ನನಗೆ ಎರವಲು ಕೊಟ್ಟ ಪುಸ್ತಕಗಳಲ್ಲಿ ಬಹಳಷ್ಟು. ಇಲ್ಲಿ ‘ದೇ’ ಗೊತ್ತಿರುವ ಗುಂಪನ್ನು ತೋರಿಸುತ್ತದೆ, ಒಪ್ಪುತ್ತೇನೆ.

ತಲೆ ಕೆಡಿಸಿದ್ದು ‘ಬಿಯಾಂ ದೇ ಜಾಂ’. ‘ಬೋಕೂ ದ ಜಾಂ’ ಅಂದರೂ ಬಹಳ ಜನ ಅಂತಲೇ ಅಲ್ವಾ? ಗೊತ್ತಿರುವ ಗುಂಪೇನೂ ಇಲ್ಲ, ಆದರೂ ಆರ್ಟಿಕಲ್ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಬೇರೆ ಹಲವು ಅನ್ನುವ ‘ಬಿಯಾಂ ದೋತ್ರ್’ನಲ್ಲಿ ಮಾತ್ರ ಮತ್ತೆ ಬೀಳುತ್ತದೆ! ಇದಕ್ಕೆ ಕಾರಣ ಇದೆಯಾ, ಇಲ್ಲಾ ಬರೀ ಹಳೇ ರೂಢಿಯಾ?