ಸಹಾಯ ಬೇಕು: R–L ಸರಣಿ ಮಂಡಲದ ಫೇಸರ್ ಚಿತ್ರದಲ್ಲಿ ಲಂಬಕೋನ ಕೂಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಪ್ರಯೋಗಾಲಯದಲ್ಲಿ 30 ಓಮ್ ರೆಸಿಸ್ಟರ್ ಮತ್ತು ಕಬ್ಬಿಣದ ತಿರುಳಿನ 127 ಮಿಲಿಹೆನ್ರಿ ಕಾಯಿಲನ್ನು ಸರಣಿಯಲ್ಲಿ ಜೋಡಿಸಿ, 50 ಹರ್ಟ್ಸ್‌ನ 50 ವೋಲ್ಟ್ ಎಸಿ ಕೊಟ್ಟಿದ್ದೇವೆ. 2πfL ಪ್ರಕಾರ ರಿಯಾಕ್ಟೆನ್ಸ್ ಸುಮಾರು 40 ಓಮ್ ಆಗುವುದರಿಂದ √(30² + 40²), ಅಂದರೆ 50 ಓಮ್ ಇಂಪೀಡೆನ್ಸ್, 53.1° ಫೇಸ್ ಕೋನ ಮತ್ತು 1 ಆಂಪಿಯರ್ ಕರೆಂಟ್ ಬರಬೇಕಿತ್ತು. ಆದರೆ ಅಮ್ಮೀಟರ್ 0.884 ಆಂಪಿಯರ್ ತೋರಿಸುತ್ತದೆ. ರೆಸಿಸ್ಟರಿನ ಮೇಲೆ 26.5 ವೋಲ್ಟ್, ಕಾಯಿಲಿನ ಮೇಲೆ 36.4 ವೋಲ್ಟ್ ಇದೆ. ಇವೆರಡನ್ನು ಲಂಬವಾಗಿ ಕೂಡಿಸಿದರೆ 45 ವೋಲ್ಟ್ ಮಾತ್ರ ಸಿಗುತ್ತದೆ.

ಕಾಯಿಲಿನ ತಂತಿಗೂ ರೋಧ ಇರುವುದರಿಂದ ಅದರ ವೋಲ್ಟೇಜು ಕರೆಂಟಿಗಿಂತ ಪೂರ್ತಿ 90° ಮುಂದಿರುವುದಿಲ್ಲ ಎಂದು ನನ್ನ ಊಹೆ. ಆದ್ದರಿಂದ ಕರೆಂಟನ್ನು ಆಧಾರ ಫೇಸರ್ ಆಗಿ ಅಡ್ಡಲಾಗಿ ಎಳೆದು, ಅದರ ಮೇಲೆಯೇ 26.5ರ ಗೆರೆ ಹಾಕಿ, ಗೆರೆಯ ತುದಿಯಿಂದ 36.4ರ ಮತ್ತು ಮೂಲಬಿಂದುವಿನಿಂದ 50ರ ಕಂಸಗಳನ್ನು ಕೈವಾರದಿಂದ ಎಳೆದು ತ್ರಿಭುಜ ಮುಗಿಸಿದಾಗ ಕೋನ ಸುಮಾರು 45° ಬಂತು. ಇಂಪೀಡೆನ್ಸ್ 50/0.884, ಅಂದರೆ 56.6 ಓಮ್, ಇದರ ರೋಧ ಭಾಗ 40 ಓಮ್ ಆಗಿ, ಕಾಯಿಲಿನ ಪಾಲಿಗೆ 10 ಓಮ್ ಉಳಿಯುತ್ತದೆ.

ನನ್ನ ನಿಜವಾದ ತೊಡಕು ಇಲ್ಲಿದೆ: ಮಲ್ಟಿಮೀಟರಿನಲ್ಲಿ ಅದೇ ಕಾಯಿಲು 8 ಓಮ್ ಮಾತ್ರ ತೋರಿಸುತ್ತದೆ. ಉಳಿದ 2 ಓಮ್ ತಿರುಳಿನ ನಷ್ಟದ್ದೇ, ಅಥವಾ ಅಳತೆಯ ವ್ಯತ್ಯಾಸವೇ? ವ್ಯಾಟ್‌ಮೀಟರ್ ಇಲ್ಲದೆ ಇದನ್ನು ತಿಳಿಯುವ ಬಗೆಯನ್ನು ಬಲ್ಲವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.